22.50 ರೂಪಾಯಿ ಅಕ್ಕಿಯ ಹಿಂದಿನ ಲೆಕ್ಕ

2023ರ ಜೂನ್‌ನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ.ಗಾಗಿ ಕರ್ನಾಟಕ ಸರ್ಕಾರ ಕೆ.ಜಿ.ಗೆ 34 ರೂಪಾಯಿ ಕೊಡಲು ಸಿದ್ಧವಿದ್ದರೂ ಭಾರತೀಯ ಆಹಾರ ನಿಗಮದಿಂದ ಅಕ್ಕಿ ಸಿಗಲಿಲ್ಲ. ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿದ್ದರಿಂದ ರಾಜ್ಯವು ಅಕ್ಕಿಯ ಬದಲು ತಲಾ 170 ರೂಪಾಯಿಯನ್ನು ಫಲಾನುಭವಿಗಳ ಖಾತೆಗೆ ಹಾಕಬೇಕಾಯಿತು. 2025ರ ಜನವರಿಯಲ್ಲಿ ಅದೇ ಕೇಂದ್ರವು ರಾಜ್ಯಗಳಿಗೂ ಎಥೆನಾಲ್ ಡಿಸ್ಟಿಲರಿಗಳಿಗೂ ಅಕ್ಕಿಯ ದರವನ್ನು ಕ್ವಿಂಟಲ್‌ಗೆ 2,250 ರೂಪಾಯಿಗೆ ಇಳಿಸಿತು. ಧಾನ್ಯ ಖರೀದಿಯ ವೆಚ್ಚವನ್ನು ಪರಿಶೀಲಿಸುವ ಕೆಲಸದಲ್ಲಿರುವ ನನಗೆ ಬೆಂಬಲ ಬೆಲೆಯ ವ್ಯವಸ್ಥೆಯನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕಿಲ್ಲ.

ಮೊದಲು ಆ ಅಕ್ಕಿಗೆ ಸರ್ಕಾರ ಎಷ್ಟು ಕೊಟ್ಟಿತ್ತು ಎಂದು ನೋಡೋಣ. 2024-25ರಲ್ಲಿ ಸಾಮಾನ್ಯ ಭತ್ತದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300 ರೂಪಾಯಿ. ಗಿರಣಿಯವರು ಒಂದು ಕ್ವಿಂಟಲ್ ಭತ್ತಕ್ಕೆ 67 ಕೆ.ಜಿ. ಅಕ್ಕಿಯನ್ನು ಹಿಂದಿರುಗಿಸಬೇಕೆಂಬುದು ನಿಯಮ. ತೌಡು, ಹೊಟ್ಟು ಅವರಿಗೇ ಉಳಿಯುವುದರಿಂದ ಹಲ್ಲಿಂಗ್ ಕೂಲಿ ತೀರಾ ಕಡಿಮೆ. ಈ ಲೆಕ್ಕದಲ್ಲಿ ಒಂದು ಕ್ವಿಂಟಲ್ ಅಕ್ಕಿಗೆ ಸುಮಾರು 149 ಕೆ.ಜಿ. ಭತ್ತ ಬೇಕು, ಅಂದರೆ ರೈತರಿಗೆ ಕೊಟ್ಟ ಹಣವೇ 3,430 ರೂಪಾಯಿ ದಾಟುತ್ತದೆ. ಅದರ ಮೇಲೆ ಮಂಡಿ ಶುಲ್ಕ, ದಲ್ಲಾಳಿಯ ಕಮಿಷನ್, ಗೋಣಿಚೀಲ, ಹಮಾಲಿ, ರೈಲು ಬಾಡಿಗೆ, ಗೋದಾಮು ಮತ್ತು ಬಡ್ಡಿ ಸೇರಿ ನಿಗಮದ ಒಟ್ಟು ವೆಚ್ಚ ಕ್ವಿಂಟಲ್‌ಗೆ ಸುಮಾರು 4,000 ರೂಪಾಯಿಗೆ ಬಂದು ನಿಲ್ಲುತ್ತದೆ. ಅದನ್ನು 2,250ಕ್ಕೆ ಮಾರಿದಾಗ ಪ್ರತಿ ಕೆ.ಜಿ.ಗೆ 17 ರೂಪಾಯಿಗೂ ಹೆಚ್ಚು ಹಣ ಖಜಾನೆಯಿಂದ ಹೋಗುತ್ತದೆ.

ಹಾಗೆಂದು ಆ ಮಾರಾಟವನ್ನೇ ತಪ್ಪೆನ್ನಲಾಗದು. ಗೋದಾಮಿನಲ್ಲಿರುವ ಅಕ್ಕಿಗೆ ಕೊಟ್ಟ ಹಣ ಆಗಲೇ ಖರ್ಚಾಗಿಹೋಗಿದೆ. ಬಡ್ಡಿ ಶೇ. 8 ಎಂದಿಟ್ಟುಕೊಂಡರೂ ಇನ್ನೊಂದು ವರ್ಷ ಇಟ್ಟರೆ ಕೆ.ಜಿ.ಗೆ 3 ರೂಪಾಯಿ 20 ಪೈಸೆ ಬಡ್ಡಿಗೇ ಹೋಗುತ್ತದೆ. ಅಟ್ಟಿ ಹಾಕಿದ 50 ಕೆ.ಜಿ. ಚೀಲಗಳನ್ನು ಟಾರ್ಪಾಲಿನಿಂದ ಮುಚ್ಚಿ ಹುಳುವಿಗೆ ಮತ್ತೆ ಮತ್ತೆ ಧೂಮೀಕರಣ ಮಾಡಬೇಕು. ಅಷ್ಟು ಮಾಡಿದರೂ ಹಳೆಯದಾದಷ್ಟು ಕಾಳು ಹಳದಿಗೆ ತಿರುಗಿ ಮುಗ್ಗಲು ವಾಸನೆ ಹಿಡಿಯುತ್ತದೆ. ನಿಗಮವು ಕೊಳ್ಳುವ ಬೆಳ್ತಿಗೆ ಅಕ್ಕಿಯಲ್ಲಿ ಶೇ. 25ರವರೆಗೆ ನುಚ್ಚು ಇರಲು ಅವಕಾಶವಿರುವುದರಿಂದ ಖಾಸಗಿ ವರ್ತಕರು ಅದನ್ನು ಒಳ್ಳೆಯ ಬೆಲೆಗೆ ಕೇಳುವುದಿಲ್ಲ. ಹೊಸ ಭತ್ತಕ್ಕೆ ಜಾಗ ಬೇಕೆಂದಾಗ ಸಿಕ್ಕ ಬೆಲೆಗೆ ಕೊಡುವುದೇ ಕಡಿಮೆ ನಷ್ಟದ ದಾರಿ. ತಪ್ಪು ಆಗಿರುವುದು ಮಾರುವಾಗಲ್ಲ, ಕೊಳ್ಳುವಾಗ.

ಕೇಂದ್ರದ ನೀತಿಯಲ್ಲಿ ಬೆಂಬಲ ಬೆಲೆಯ ಭತ್ತದ ಖರೀದಿಗೆ ಒಟ್ಟು ಪ್ರಮಾಣದ ಮಿತಿಯಿಲ್ಲ. ತೇವಾಂಶ ಶೇ. 17ರೊಳಗಿದ್ದು ಉಳಿದ ಗುಣಮಟ್ಟವೂ ಸರಿಯಿದ್ದರೆ, ಖರೀದಿ ಕೇಂದ್ರವಿರುವ ಕಡೆ ಬಂದ ಭತ್ತವನ್ನೆಲ್ಲ ತೆಗೆದುಕೊಳ್ಳಬೇಕೆಂಬುದು ಆ ನೀತಿ, ಕೆಲವು ರಾಜ್ಯಗಳು ಮಾತ್ರ ಎಕರೆಗಿಷ್ಟೆಂದು ಮಿತಿ ಹಾಕುತ್ತವೆ. ಪಡಿತರದಲ್ಲಿ ಹಂಚುವ ಪ್ರಮಾಣ ಮಾತ್ರ ಕಾನೂನಿನಿಂದ ನಿಗದಿಯಾಗಿದೆ. ಒಳಬರುವುದು ಬೆಲೆಗೆ ತಕ್ಕಂತೆ ಹೆಚ್ಚುತ್ತದೆ, ಹೊರಹೋಗುವುದು ಹೆಚ್ಚುವುದಿಲ್ಲ. ಇದಕ್ಕೆ 2023ರಲ್ಲಿ ಇನ್ನೆರಡು ಬಾಗಿಲುಗಳೂ ಮುಚ್ಚಿದವು: ಬೆಲೆ ಏರಿಕೆಯ ಭಯದಿಂದ ಜೂನ್‌ನಲ್ಲಿ ರಾಜ್ಯಗಳಿಗೆ ಮಾರಾಟ ನಿಂತಿತು, ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧವಾಯಿತು. ಆ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ, ಹೊಸ ಫಸಲು ಮಂಡಿಗೆ ಬರುವ ಹೊತ್ತಿಗೆ. ಜನವರಿ 1ಕ್ಕೆ ಇರಬೇಕಾದ ಅಕ್ಕಿಯ ದಾಸ್ತಾನು 76.1 ಲಕ್ಷ ಟನ್. 2025ರಲ್ಲಿ ಆ ದಿನ ಅದರ ಮೂರು ಪಟ್ಟಿಗೂ ಹೆಚ್ಚು ಅಕ್ಕಿ ಇತ್ತು, ಗಿರಣಿಗೆ ಹೋಗಬೇಕಿದ್ದ ಭತ್ತ ಬೇರೆ. 34 ರೂಪಾಯಿಗೆ ಕೊಳ್ಳುವವರಿದ್ದಾಗ ಕೊಡದೆ, ಒಂದೂವರೆ ವರ್ಷ ಕಾಪಾಡಿ, 22.50ಕ್ಕೆ ಕೊಟ್ಟದ್ದರ ಹೊರೆಯೂ ಆಹಾರ ಸಬ್ಸಿಡಿ ಎಂಬ ಒಂದೇ ಶೀರ್ಷಿಕೆಯೊಳಗೆ ಸೇರಿಹೋಗುತ್ತದೆ. ಬಡವರಿಗೆ ತಲುಪಿದ ಹಣವೆಷ್ಟು, ದಾಸ್ತಾನಿನ ನಷ್ಟವೆಷ್ಟು ಎಂದು ಬೇರ್ಪಡಿಸಿ ತೋರಿಸಬೇಕೆಂದು ನಾನು ಬಲವಾಗಿ ಒತ್ತಾಯಿಸುತ್ತೇನೆ.

ಇಷ್ಟು ಖರ್ಚಾದರೂ ಈ ಬೆಲೆಯ ಆಸರೆ ಎಲ್ಲ ರೈತರಿಗೆ ಸಿಗುವುದಿಲ್ಲ. ಸಿಂಧನೂರು, ಗಂಗಾವತಿಯ ಸೋನಾ ಮಸೂರಿ ಸಾಮಾನ್ಯವಾಗಿ ಬೆಂಬಲ ಬೆಲೆಗಿಂತ ಮೇಲೆಯೇ ಮಾರಾಟವಾಗುವುದರಿಂದ ಅಲ್ಲಿ ಸರ್ಕಾರಿ ಖರೀದಿ ಅತ್ಯಲ್ಪ. ದರ ಕುಸಿದ ವರ್ಷ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಸಾಲದ ಒತ್ತಡವಿರುವ ರೈತರು ಭತ್ತ ಮಾರಿ ಮುಗಿಸಿರುತ್ತಾರೆ. ಪಂಜಾಬಿನಲ್ಲಾದರೋ ಸರ್ಕಾರಿ ಖರೀದಿದಾರ ದಶಕಗಳಿಂದ ತಪ್ಪದೆ ಬಂದಿದ್ದಾನೆ, ಅಂತರ್ಜಲ ಬತ್ತುತ್ತಿದ್ದರೂ ಭತ್ತ ಬಿಡಲು ಯಾರೂ ಮುಂದಾಗದಿರುವುದು ಅದಕ್ಕಾಗಿಯೇ. 2024ರ ಫೆಬ್ರುವರಿಯಲ್ಲಿ ಕೇಂದ್ರದ ಸಚಿವರು ಬೇಳೆಕಾಳು, ಮೆಕ್ಕೆಜೋಳ ಮತ್ತು ಹತ್ತಿಯನ್ನು ಐದು ವರ್ಷ ಬೆಂಬಲ ಬೆಲೆಯಲ್ಲಿ ಕೊಳ್ಳುವ ಒಪ್ಪಂದದ ಪ್ರಸ್ತಾವ ಮುಂದಿಟ್ಟಾಗ ಹೋರಾಟನಿರತ ರೈತ ಸಂಘಟನೆಗಳು ಮರುದಿನವೇ ತಿರಸ್ಕರಿಸಿದವು. ಭತ್ತಕ್ಕಿರುವ ಖಾತರಿಗೆ ಅವಧಿಯೇ ಇಲ್ಲದಿರುವಾಗ ಐದು ವರ್ಷದ ಮಾತನ್ನು ನಂಬಿ ಬೆಳೆ ಬದಲಿಸುವ ರೈತನಿಗೆ ಆರನೆಯ ವರ್ಷ ಏನು ಎಂಬುದಕ್ಕೆ ಆ ಪ್ರಸ್ತಾವದಲ್ಲಿ ಉತ್ತರವಿರಲಿಲ್ಲ.