ನಿಧಾನ ಓದುವವರಿಗೆ: ಮೊದಲು ಪಾಠದ ಕೊನೆ, ಆಮೇಲೆ ಪಾಠ

10 ಪುಟದ ಒಂದು ಪಾಠ ಇದೆ ಅಂದುಕೊಳ್ಳಿ. ಪುಟಕ್ಕೆ 4 ನಿಮಿಷ ಹಿಡಿಯುವವರಿಗೆ ಅದನ್ನು ಒಂದು ಸಲ ಓದಲು 40 ನಿಮಿಷ ಬೇಕು. ನನ್ನ ವೇಗ ಅದೇ. ಹಗಲು ಹುಬ್ಬಳ್ಳಿಯಲ್ಲಿ ಕೆಲಸ, ಮನೆ ಧಾರವಾಡ, ಎಫ್‌ಡಿಎ ಪರೀಕ್ಷೆಗೆ ಓದಲು ರಾತ್ರಿ ಸಿಗೋದು ಒಂದು ತಾಸು. ಎರಡನೇ ಸಲ ಓದಲು ಸಮಯವೇ ಇಲ್ಲ. ಹಾಗಾಗಿ ಒಂದೇ ಸಲದ ಓದಿನಲ್ಲಿ ಪಾಠ ತಲೆಯಲ್ಲಿ ಉಳಿಯಬೇಕು. ಅದಕ್ಕೆ ಆ ಒಂದು ತಾಸಿನಲ್ಲಿ 50 ನಿಮಿಷವನ್ನು ಹೀಗೆ ಹಂಚಿಕೊಂಡಿದ್ದೇನೆ: ಓದುವ ಮುಂಚೆ 5 ನಿಮಿಷ, ಓದಲು 30, ಪುಸ್ತಕ ಮುಚ್ಚಿ ಬರೆಯಲು 10, ಬರೆದದ್ದನ್ನು ಪುಸ್ತಕದ ಜೊತೆ ಹೋಲಿಸಲು 5. ಓದುವ ಸಮಯ 40ರಿಂದ 30ಕ್ಕೆ ಹೇಗೆ ಇಳಿಯಿತು ಅನ್ನೋದು ಮುಂದೆ ಗೊತ್ತಾಗುತ್ತದೆ.

ಇದು ಹೊಸ ವಿದ್ಯೆ ಏನಲ್ಲ. ಅಮೆರಿಕದ ಫ್ರಾನ್ಸಿಸ್ ರಾಬಿನ್ಸನ್ ಎಂಬ ಮನೋವಿಜ್ಞಾನಿ 1940ರ ದಶಕದಲ್ಲೇ ಕಾಲೇಜು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ಕ್ರಮ ಇದು. ಮೇಲ್ನೋಟ, ಪ್ರಶ್ನೆ, ಓದು, ನೋಡದೆ ಹೇಳುವುದು, ಮತ್ತೆ ನೋಡುವುದು ಎಂದು ಅವರು ಐದು ಹೆಜ್ಜೆ ಇಟ್ಟಿದ್ದರು. ನಾನು ಅದನ್ನೇ ನಮ್ಮ ಸಮಾಜ ವಿಜ್ಞಾನದ ಪಾಠಗಳಿಗೆ ಒಗ್ಗಿಸಿಕೊಂಡು ಬರೆಯುತ್ತಿದ್ದೇನೆ. ಉದಾಹರಣೆಗೆ ಭಾರತದ ಮಣ್ಣುಗಳ ಪಾಠ ತೆಗೆದುಕೊಳ್ಳುತ್ತೇನೆ. ನಮ್ಮ ಕಡೆಯ ಎರೆಮಣ್ಣು ಅದರಲ್ಲೇ ಬರುತ್ತದೆ.

ಮೊದಲ ಐದು ನಿಮಿಷ

ಶೀರ್ಷಿಕೆಗಳನ್ನು ಮಾತ್ರ ಓದಿ: ಮೆಕ್ಕಲು ಮಣ್ಣು, ಕಪ್ಪು ಮಣ್ಣು, ಕೆಂಪು ಮಣ್ಣು, ಲ್ಯಾಟರೈಟ್ ಮಣ್ಣು, ಮರುಭೂಮಿ ಮಣ್ಣು, ಪರ್ವತ ಮಣ್ಣು, ಮಣ್ಣಿನ ಸವೆತ, ಸಂರಕ್ಷಣೆ. ಇಷ್ಟರಲ್ಲೇ ಪಾಠದ ಆಕಾರ ಕಾಣುತ್ತದೆ. ಮೊದಲು ಆರು ಮಣ್ಣು, ಆಮೇಲೆ ಅದು ಹೇಗೆ ಹಾಳಾಗುತ್ತದೆ, ಹೇಗೆ ಉಳಿಸಿಕೊಳ್ಳಬೇಕು. ಈ ಕೆಲಸವನ್ನು ನಾನು ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಮುಗಿಸುತ್ತೇನೆ. ಇದಕ್ಕೆ ಮೇಜು ಕುರ್ಚಿ ಬೇಕಾಗಿಲ್ಲ.

ಆಮೇಲೆ ನೇರ ಪಾಠದ ಕೊನೆಗೆ ಹೋಗಿ, ಅಭ್ಯಾಸದ ಪ್ರಶ್ನೆಗಳನ್ನು ಓದಿ.

ಪ್ರಶ್ನೆಗೆ ಮನೆ ಹುಡುಕುವುದು

ಎಲ್ಲಕ್ಕಿಂತ ಜಾಸ್ತಿ ಹೊತ್ತು ನನಗೆ ಹಿಡಿದದ್ದು ಈ ಹೆಜ್ಜೆ. ಅದಕ್ಕೇ ಬಿಡಿಸಿ ಬರೆಯುತ್ತೇನೆ. "ಪ್ರಶ್ನೆ ಮೊದಲು ಓದಿ" ಎಂದು ಎಲ್ಲರೂ ಹೇಳುತ್ತಾರೆ. ಓದಿದ ಮೇಲೆ ಆ ಪ್ರಶ್ನೆಗಳನ್ನು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಹತ್ತು ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡು ಓದಲು ಆಗುವುದಿಲ್ಲ, ಎರಡನೇ ಪುಟಕ್ಕೇ ಮರೆತುಹೋಗುತ್ತವೆ. ಇನ್ನೊಂದು ಅಪಾಯವೂ ಇದೆ. ಉತ್ತರ ಹುಡುಕುತ್ತಾ ಓದಿದರೆ ಉತ್ತರದ ಸಾಲು ಸಿಕ್ಕ ಕೂಡಲೇ ಅಡಿಗೆರೆ ಎಳೆದು ಮುಂದೆ ಓಡುತ್ತೇವೆ. ಸಾಲು ಸಿಕ್ಕಿರುತ್ತದೆ, ಅದರ ಕಾರಣ ಸಿಕ್ಕಿರುವುದಿಲ್ಲ.

ದಾರಿ ಇದು. ಪ್ರಶ್ನೆಯ ನಂಬರನ್ನು ಅದರ ಉತ್ತರ ಯಾವ ಶೀರ್ಷಿಕೆಯ ಕೆಳಗೆ ಇರಬಹುದೋ ಅಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಊಹೆ ಸಾಕು, ಪಾಠ ಓದಬೇಡಿ. ಉದಾಹರಣೆಗೆ, 3ನೇ ಪ್ರಶ್ನೆ "ಕಪ್ಪು ಮಣ್ಣು ಹತ್ತಿ ಬೆಳೆಗೆ ಸೂಕ್ತ, ಕಾರಣ ಕೊಡಿ" ಅಂತಿದ್ದರೆ ಕಪ್ಪು ಮಣ್ಣಿನ ಶೀರ್ಷಿಕೆಯ ಪಕ್ಕ 3. "ಲ್ಯಾಟರೈಟ್ ಮಣ್ಣು ಹೇಗೆ ಉಂಟಾಗುತ್ತದೆ?" ಅಂತಿದ್ದರೆ ಲ್ಯಾಟರೈಟ್ ಪಕ್ಕ ಅದರ ನಂಬರು. "ಕಪ್ಪು ಮಣ್ಣಿಗೂ ಕೆಂಪು ಮಣ್ಣಿಗೂ ವ್ಯತ್ಯಾಸ ತಿಳಿಸಿ" ಅಂತ ಇದ್ದರೆ ಎರಡೂ ಕಡೆ ಅದೇ ನಂಬರು. ವ್ಯತ್ಯಾಸದ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಒಂದೇ ಜಾಗದಲ್ಲಿ ಇರುವುದಿಲ್ಲ, ನಾವೇ ಎರಡು ಕಡೆಯಿಂದ ತಂದು ಕೂಡಿಸಬೇಕು. ಅದು ಓದುವ ಮುಂಚೆಯೇ ಗೊತ್ತಿದ್ದರೆ ಕೆಂಪು ಮಣ್ಣು ಓದುವಾಗ ಕಪ್ಪು ಮಣ್ಣಿನ ನೆನಪು ತಾನೇ ಬರುತ್ತದೆ.

ಹೀಗೆ ಗುರುತು ಮಾಡಿದ ಮೇಲೆ ಪಾಠ ಬೇರೆಯೇ ಕಾಣುತ್ತದೆ. ಒಂದು ಶೀರ್ಷಿಕೆಯ ಪಕ್ಕ ಮೂರು ನಂಬರು, ಇನ್ನೊಂದರ ಪಕ್ಕ ಒಂದೂ ಇಲ್ಲ. ಮೂರು ಇರುವ ಕಡೆ ನಿಧಾನ ಓದಬೇಕು, ಪುಟಕ್ಕೆ 5 ನಿಮಿಷ ಆದರೂ ಚಿಂತೆಯಿಲ್ಲ. ನಂಬರೇ ಇಲ್ಲದ ಕಡೆ ಪ್ರತಿ ಪ್ಯಾರಾದ ಮೊದಲ ಸಾಲು ಓದಿ, ಉಳಿದದ್ದರ ಮೇಲೆ ಕಣ್ಣಾಡಿಸಿದರೆ ಸಾಕು. 10 ನಿಮಿಷ ಉಳಿಯುವುದು ಇಲ್ಲಿ. ನಮ್ಮ ವೇಗ ಅಷ್ಟೇ ಇರುತ್ತದೆ, ಎಲ್ಲಿ ನಿಧಾನ ಮಾಡಬೇಕು ಅನ್ನೋದು ಗೊತ್ತಾಗುತ್ತದೆ.

ಒಂದು ಚಿಕ್ಕ ಸೇರ್ಪಡೆ. "ಕಾರಣ ಕೊಡಿ", "ಹೇಗೆ" ಎನ್ನುವ ಪ್ರಶ್ನೆಗಳಿಗೆ ಓದುವ ಮುಂಚೆಯೇ ಒಂದು ಉತ್ತರ ಊಹಿಸಿ ಮಾರ್ಜಿನ್‌ನಲ್ಲಿ ಎರಡು ಶಬ್ದ ಬರೆಯಿರಿ. ಹತ್ತಿಗೆ ಕಪ್ಪು ಮಣ್ಣು ಯಾಕೆ? ನಾನು "ನೀರು ಹಿಡಿಯುತ್ತೆ?" ಎಂದು ಬರೆದಿದ್ದೆ. ನವಲಗುಂದ, ಅಣ್ಣಿಗೇರಿ ಕಡೆಯ ಹೊಲ ನೋಡಿದವರಿಗೆ ಇಷ್ಟು ಗೊತ್ತೇ ಇರುತ್ತದೆ. ಮಳೆ ನಿಂತ ಮೇಲೂ ಹಿಂಗಾರಿ ಜೋಳ, ಕಡಲೆ ಆ ಹಸಿಯಲ್ಲೇ ಬರುತ್ತವೆ. ಊಹೆ ತಪ್ಪಾದರೂ ನಷ್ಟವಿಲ್ಲ. ಸರಿಯಾದ ಉತ್ತರ ಎದುರಾದಾಗ ಕಣ್ಣು ಅಲ್ಲೇ ನಿಲ್ಲುತ್ತದೆ.

ಓದು

ಇದರ ಬಗ್ಗೆ ಹೇಳಲು ಹೆಚ್ಚಿಲ್ಲ. ಒಂದು ಶೀರ್ಷಿಕೆ ಮುಗಿಯುವವರೆಗೆ ನಿಲ್ಲಬೇಡಿ, ಅಡಿಗೆರೆ ಎಳೆಯಬೇಡಿ. ಗೊತ್ತಿಲ್ಲದ ಶಬ್ದ ಬಂದರೆ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ.

ಪುಸ್ತಕ ಮುಚ್ಚಿ ಬರೆಯುವುದು

ಸಾರಾಂಶ ಬರೆಯುವಾಗ ಪುಸ್ತಕ ಮುಚ್ಚಿರಬೇಕು. ತೆರೆದಿಟ್ಟುಕೊಂಡು ಬರೆದರೆ ಅದು ನಕಲು. ಕೈ ಓಡುತ್ತದೆ, ತಲೆ ಸುಮ್ನೆ ಕೂತಿರುತ್ತದೆ. ನಿಧಾನ ಓದುವವರು ಹಾಗೆ ನಕಲು ಮಾಡಲು ಕೂತರೆ ಅರ್ಧ ತಾಸು ಅಲ್ಲೇ ಹೋಗುತ್ತದೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗ ಓದಿದರು. ಆಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ನೋಡದೆ ನೆನಪಿದ್ದಷ್ಟನ್ನು ಬರೆದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೋಡದೆ ಬರೆದವರಿಗೆ ಸ್ಪಷ್ಟವಾಗಿ ಜಾಸ್ತಿ ನೆನಪಿತ್ತು. ಮತ್ತೆ ಮತ್ತೆ ಓದಿದಾಗ "ಎಲ್ಲಾ ಗೊತ್ತಾಯ್ತು" ಅನಿಸುವುದು ಯಾಕೆ ಎಂದು ನನಗೆ ಇದರಿಂದಲೇ ತಿಳಿಯಿತು. ಆ ಅನಿಸಿಕೆ ಆ ಹೊತ್ತಿಗೆ ನಿಜವೇ. ಪರೀಕ್ಷೆ ಇರೋದು ಮಾತ್ರ ಆ ಹೊತ್ತಿಗಲ್ಲ.

ನನ್ನ ತಂಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಅವಳಿಗೂ ಇದನ್ನೇ ಹೇಳಿಕೊಟ್ಟೆ. ಹಾಳೆ ಮುಂದಿಟ್ಟುಕೊಂಡು ಕೂತವಳು, "ಅಕ್ಕಾ, ಪುಸ್ತಕಾ ಮುಚ್ಚಿದ್ರ ಏನೂ ನೆನಪಾಗವಲ್ದು" ಅಂದಳು. ಹಾಗೆ ಆದಾಗ ಪುಸ್ತಕ ತೆರೆಯಬೇಡಿ. ಮೊದಲು ಶೀರ್ಷಿಕೆಗಳನ್ನು ಒಂದರ ಕೆಳಗೆ ಒಂದು ಬರೆಯಿರಿ, ನಡುವೆ ನಾಲ್ಕು ಸಾಲು ಜಾಗ ಬಿಡಿ. ಓದುವ ಮುಂಚೆ ನೋಡಿದ್ದರಿಂದ ಶೀರ್ಷಿಕೆಗಳು ನೆನಪಿರುತ್ತವೆ. ಆಮೇಲೆ ಪ್ರತಿ ಶೀರ್ಷಿಕೆಗೆ ಗೊತ್ತಿದ್ದಷ್ಟು ಬರೆಯಿರಿ. ಏನೂ ಹೊಳೆಯದಿದ್ದರೆ ಆ ಜಾಗ ಖಾಲಿ ಬಿಡಿ.

ಕಪ್ಪು ಮಣ್ಣಿನ ಕೆಳಗೆ ಅವಳು ಬರೆದದ್ದು ಹೀಗಿತ್ತು: "ಬಸಾಲ್ಟ್ ಕಲ್ಲು ಶಿಥಿಲ ಆಗಿ ಆಗ್ತದೆ. ಹತ್ತಿಗೆ ಒಳ್ಳೇದು. ಬೇಸಿಗೆಯಲ್ಲಿ ಬಿರುಕು ಬಿಡ್ತದೆ. ಸಾರಜನಕ ಬಾಳ ಇರ್ತದೆ."

ಈಗ ಪುಸ್ತಕ ತೆರೆದು ಕೆಂಪು ಪೆನ್ನು ಹಿಡಿಯಬೇಕು. ಮೊದಲ ಸಾಲು ಸರಿ. ಕೊನೆಯ ಸಾಲು ತಪ್ಪು. ಕಪ್ಪು ಮಣ್ಣಿನಲ್ಲಿ ಸುಣ್ಣ, ಕಬ್ಬಿಣ, ಮೆಗ್ನೀಸಿಯಂ, ಪೊಟ್ಯಾಷ್ ಚೆನ್ನಾಗಿರುತ್ತವೆ. ಸಾರಜನಕ, ರಂಜಕ ಕಡಿಮೆ. ಇಂಥ ತಪ್ಪು ಓದುವಾಗ ಎಂದೂ ಕಾಣುವುದಿಲ್ಲ, ಬರೆದಾಗಲೇ ಹೊರಗೆ ಬರುತ್ತದೆ. ನಡುವಿನ ಎರಡು ಸಾಲುಗಳಲ್ಲಿ ತಪ್ಪಿಲ್ಲ, ಆದರೆ ಒಂದಕ್ಕೊಂದು ಕೊಂಡಿ ಇಲ್ಲ. "ಯಾಕೆ?" ಅಂತ ಕೇಳಿದೆ, ಉತ್ತರ ಬರಲಿಲ್ಲ. ಆಗ ಆ ಪ್ಯಾರಾ ಒಂದನ್ನು ಮಾತ್ರ ಮತ್ತೆ ಓದಿದಳು. ಈ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಅದಕ್ಕೇ ಬಿರುಕು. ಅದೇ ಜೇಡಿ ತೇವವನ್ನು ಬಹಳ ದಿನ ಹಿಡಿದಿಡುತ್ತದೆ, ಅದಕ್ಕೇ ಹತ್ತಿ. ಬಿರುಕಿಗೂ ಹತ್ತಿಗೂ ಕಾರಣ ಒಂದೇ. ಕೆಂಪು ಪೆನ್ನಿನಲ್ಲಿ ಅವಳು ಸೇರಿಸಿದ್ದು ಒಂದೇ ಸಾಲು: "ಜೇಡಿ ಜಾಸ್ತಿ, ಅದಕ್ಕ ನೀರು ಹಿಡೀತದ, ಅದಕ್ಕ ಬಿರಿತದ."

ಸಾರಾಂಶ ಚೆನ್ನಾಗಿದೆಯಾ ಇಲ್ಲವಾ ಎಂದು ತಿಳಿಯಲು ನಾನು ಇದನ್ನೇ ನೋಡುತ್ತೇನೆ. "ಅದಕ್ಕೆ", "ಯಾಕೆಂದರೆ", "ಆದರೆ" ಎಂಬ ಶಬ್ದಗಳು ಇವೆಯಾ? ಬರೀ "ಇದೆ, ಇದೆ, ಆಗುತ್ತದೆ" ಅಂತ ಸಾಲುಗಳಿದ್ದರೆ ಅರ್ಥ ಇನ್ನೂ ಕೂಡಿಲ್ಲ. ಪುಸ್ತಕದ ಭಾರೀ ಶಬ್ದಗಳು ಹಾಗೇ ಬಂದಿದ್ದರೂ ಅನುಮಾನ ಪಡಬೇಕು. "ಆರ್ದ್ರತೆಯನ್ನು ಧಾರಣ ಮಾಡುವ ಸಾಮರ್ಥ್ಯ" ಎಂದು ಬರೆದವರನ್ನು ಹಾಗಂದ್ರೇನು ಅಂತ ಕೇಳಿ ನೋಡಿ.

ಕೆಂಪು ಪೆನ್ನು ಜಾಸ್ತಿ ಬಿದ್ದ ಶೀರ್ಷಿಕೆಯೊಂದಕ್ಕೆ ಮಾತ್ರ ಮರುದಿನ ಬಸ್ಸಿನಲ್ಲಿ ಮತ್ತೆ ಹೋಗುತ್ತೇನೆ. ಇಡೀ ಪಾಠಕ್ಕೆ ಅಲ್ಲ.

ಜಾರಿಹೋಗುವ ಭಾಗ

ಪ್ರಶ್ನೆ ಮೊದಲು ನೋಡಿ ಓದಿದರೆ ಪ್ರಶ್ನೆಗೆ ಸಂಬಂಧಿಸಿದ್ದು ಚೆನ್ನಾಗಿ ಉಳಿಯುತ್ತದೆ, ಪ್ರಶ್ನೆಯಲ್ಲಿ ಇಲ್ಲದ್ದು ಅಷ್ಟು ಉಳಿಯುವುದಿಲ್ಲ. ಶಾಲೆಯ ಪರೀಕ್ಷೆಗೆ ಇದು ದೊಡ್ಡ ತೊಂದರೆಯಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ತೊಂದರೆ. ಅಲ್ಲಿ ಮೂಲೆಯಲ್ಲಿದ್ದ ಸಂಗತಿಯನ್ನೂ ಕೇಳಬಹುದು. ಗಂಗಾ ಬಯಲಿನ ಹಳೆಯ ಮೆಕ್ಕಲಿಗೆ ಭಾಂಗರ್, ಹೊಸದಕ್ಕೆ ಖಾದರ್ ಎನ್ನುತ್ತಾರೆ. ಅಭ್ಯಾಸದಲ್ಲಿ ಇದರ ಪ್ರಶ್ನೆ ಇಲ್ಲದಿದ್ದರೆ ಕಣ್ಣು ತಪ್ಪಿಸಿಕೊಂಡು ಹೋಗುವ ಸಂಗತಿ ಅಲ್ವಾ? ಅದಕ್ಕೆ ನಂಬರಿಲ್ಲದ ಶೀರ್ಷಿಕೆಗಳಿಗೆ ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದೊಂದು ಪ್ರಶ್ನೆ ತಂದು ಹಾಕಿಕೊಳ್ಳಿ. ನಕ್ಷೆಯ ಕೆಳಗಿನ ಬರಹ, ಬಾಕ್ಸ್‌ನಲ್ಲಿರುವ ಮಾಹಿತಿ, ಕೋಷ್ಟಕ ಇವನ್ನು ಕೊನೆಯ 5 ನಿಮಿಷದಲ್ಲಿ ಬೇರೆಯಾಗಿ ನೋಡಿ. ಗಣಿತಕ್ಕೂ ಪದ್ಯಕ್ಕೂ ನಾನು ಈ ಕ್ರಮ ಬಳಸುವುದಿಲ್ಲ.

ಶೀರ್ಷಿಕೆ ಬರೀ ಹೆಸರಾಗಿದ್ದರೆ

ಇತಿಹಾಸದ ಪಾಠದಲ್ಲಿ ಇದು ಆಗಾಗ ಎದುರಾಗುತ್ತದೆ. ಶೀರ್ಷಿಕೆ "ನರಗುಂದ" ಅಂತ ಇರುತ್ತದೆ, "ಹಲಗಲಿ" ಅಂತ ಇರುತ್ತದೆ, ಅಷ್ಟೇ. ಊರು ನಮಗೆ ಗೊತ್ತು, ಪಾಠದಲ್ಲಿ ಏನಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಇಂಥ ಕಡೆ ಹೆಸರಿನ ಪಕ್ಕ ಒಂದೇ ಪ್ರಶ್ನೆ ಬರೆಯಿರಿ: "ಬ್ರಿಟಿಷರು ಇವರಿಂದ ಏನು ಕಿತ್ತುಕೊಂಡರು?" ನರಗುಂದದ ಬಾಬಾಸಾಹೇಬರಿಗೆ ದತ್ತು ತೆಗೆದುಕೊಳ್ಳಲು ಅನುಮತಿ ಸಿಗಲಿಲ್ಲ, 1858ರಲ್ಲಿ ಬಂಡೆದ್ದರು. ಹಲಗಲಿಯ ಬೇಡರಿಂದ ಆಯುಧ ಕಿತ್ತುಕೊಳ್ಳಲು ಹೊರಟರು, 1857ರಲ್ಲಿ ಅವರು ತಿರುಗಿ ಬಿದ್ದರು. ಒಬ್ಬರಿಗೆ ವಾರಸು, ಇನ್ನೊಬ್ಬರಿಗೆ ಆಯುಧ. ಸಾರಾಂಶದಲ್ಲಿ ಈ ಎರಡು ಶಬ್ದ ಬಂದರೆ ಉಳಿದ ಕಥೆ ಅದರ ಹಿಂದೆಯೇ ನೆನಪಾಗುತ್ತದೆ. ಇಸವಿಗಳನ್ನು ಮಾತ್ರ ಸಾರಾಂಶದಲ್ಲಿ ಬೆರೆಸದೆ, ಹಾಳೆಯ ಎಡಬದಿಯಲ್ಲಿ ಒಂದರ ಕೆಳಗೆ ಒಂದು ಬರೆದಿಡಿ. ಅಲ್ಲಿಯೂ ಮೊದಲ ಸಲ ಪುಸ್ತಕ ನೋಡದೆಯೇ.