"ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಮ್ಮಾ" ಅಂದ ಮಗ ಫೋನೇ ಮಾಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 61 ವರ್ಷ, ಮೈಸೂರಿನಲ್ಲಿದ್ದೇನೆ. ಯಜಮಾನರು ತೀರಿಕೊಂಡು ಐದು ವರ್ಷವಾಯಿತು. ರಾಜ್ಯ ಸರ್ಕಾರದ ನೌಕರಿಯಲ್ಲಿದ್ದರು, ಅವರ ಕುಟುಂಬ ಪಿಂಚಣಿ ನನಗೆ ಬರುತ್ತದೆ. ಬೆಳಗಿನ ವಾಕಿಂಗ್‌ನಲ್ಲಿ ಒಬ್ಬರ ಪರಿಚಯವಾಯಿತು. ಬ್ಯಾಂಕಿನಿಂದ ನಿವೃತ್ತರು, ಹೆಂಡತಿ ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳು. ಮದುವೆಯಾಗೋಣ ಅಂದುಕೊಂಡಿದ್ದೇವೆ. ಬೆಂಗಳೂರಿನಲ್ಲಿರುವ ಮಗನಿಗೆ ಪಕ್ಕದ ಮನೆಯವರಿಂದ ವಿಷಯ ಗೊತ್ತಾಗಿ, ಮಾತು ಬಿಟ್ಟಿದ್ದಾನೆ. ಅಮೆರಿಕದಲ್ಲಿರುವ ಮಗಳು "ನಿನ್ನಿಷ್ಟ" ಅಂತಾಳೆ. ಏನು ಮಾಡಲಿ?

ಉತ್ತರ: ಊರು, ವಯಸ್ಸು ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ. ಕೆಲವೊಮ್ಮೆ ಅಪ್ಪ ಕೇಳುತ್ತಾರೆ, ಕೆಲವೊಮ್ಮೆ ಅಮ್ಮ. ಅಮ್ಮ ಕೇಳಿದಾಗ ಮನೆಯಲ್ಲಿ ಗಲಾಟೆ ಸ್ವಲ್ಪ ಜಾಸ್ತಿ, ಅದು ನಿಮಗೆ ನಾನು ಹೇಳಬೇಕಾಗಿಲ್ಲ.

ಮಗನ ಸಿಟ್ಟನ್ನು ಒಂದೇ ಸಿಟ್ಟು ಅಂತ ತಿಳಿಯಬೇಡಿ. ಅಪ್ಪನ ಜಾಗಕ್ಕೆ ಇನ್ನೊಬ್ಬರು ಬರುತ್ತಾರಲ್ಲ ಅನ್ನುವ ನೋವು ಒಂದು. ಜನ ಏನಂತಾರೋ ಅನ್ನುವುದು ಇನ್ನೊಂದು. ವಿಷಯ ಪಕ್ಕದ ಮನೆಯವರ ಬಾಯಿಂದ ಕೇಳಬೇಕಾಯಿತಲ್ಲ ಅನ್ನುವ ಅವಮಾನ ಮತ್ತೊಂದು. ಇವುಗಳ ಕೆಳಗೆ ಯಾರೂ ಬಾಯಿಬಿಟ್ಟು ಹೇಳದ ಒಂದಿದೆ: ಮನೆ ಯಾರಿಗೆ ಹೋಗುತ್ತದೆ? ಇದನ್ನು ಕೇಳಿದರೆ ಆಸೆಬುರುಕ ಅನ್ನಿಸಿಕೊಳ್ಳಬೇಕಾಗುತ್ತದೆ, ಹಾಗಾಗಿ ಮಕ್ಕಳು ಅದನ್ನು ಬಿಟ್ಟು "ವಯಸ್ಸು, ಮರ್ಯಾದೆ" ಅಂತ ಮಾತಾಡುತ್ತಾರೆ. ನಾನಾದರೆ ಈ ಗಂಟನ್ನೇ ಮೊದಲು ಬಿಚ್ಚುತ್ತೇನೆ. ಯಾಕಂದ್ರೆ ಇದೊಂದಕ್ಕೆ ಕಾಗದದಲ್ಲಿ ಉತ್ತರ ಇದೆ.

ನಿಮ್ಮ ಮನೆ ಯಜಮಾನರು ಸ್ವಂತ ದುಡ್ಡಲ್ಲಿ ಕಟ್ಟಿಸಿದ್ದು, ಅವರು ವಿಲ್ ಬರೆದಿರಲಿಲ್ಲ, ನಿಮ್ಮ ಅತ್ತೆ ಅವರಿಗಿಂತ ಮೊದಲೇ ತೀರಿಕೊಂಡಿದ್ದರು ಅಂತ ಇಟ್ಟುಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಆ ಮನೆಯಲ್ಲಿ ನಿಮಗೆ, ಮಗನಿಗೆ, ಮಗಳಿಗೆ ಮೂರು ಸಮ ಭಾಗ. ಮನೆ 90 ಲಕ್ಷ ಬಾಳುವುದಾದರೆ ತಲಾ 30 ಲಕ್ಷ. ನೀವು ಮತ್ತೆ ಮದುವೆಯಾದ ಮಾತ್ರಕ್ಕೆ ನಿಮ್ಮ 30 ಲಕ್ಷದ ಭಾಗ ಹೋಗುವುದಿಲ್ಲ. "ಮದುವೆಯಾದ್ರೆ ಈ ಮನೆಯಲ್ಲಿ ನಿನಗೇನೂ ಇಲ್ಲ" ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ.

ಹಾಗಂತ ಮಗನ ಭಯ ಪೂರ್ತಿ ಸುಳ್ಳೂ ಅಲ್ಲ. ಮದುವೆಯಾದ ಮೇಲೆ ನೀವು ವಿಲ್ ಬರೆಯದೆ ತೀರಿಕೊಂಡರೆ ನಿಮ್ಮ ಆ 30 ಲಕ್ಷದ ಭಾಗ ಮಗ, ಮಗಳು, ಹೊಸ ಗಂಡ ಮೂವರಿಗೂ ಸಮನಾಗಿ ಹಂಚಿಹೋಗುತ್ತದೆ. ಅಂದರೆ ಹೊಸ ಗಂಡನಿಗೆ 10 ಲಕ್ಷದ ಪಾಲು. ಅವರ ನಂತರ ಅದು ಅವರ ಮಕ್ಕಳಿಗೆ. ನಿಮ್ಮ ಮಗ ತಾನು ಹುಟ್ಟಿ ಬೆಳೆದ ಮನೆಯ ಒಂಬತ್ತನೇ ಒಂದು ಭಾಗಕ್ಕೆ, ಮುಖವೇ ನೋಡಿರದ ಯಾರದೋ ಸಹಿಗಾಗಿ ಅಲೆಯಬೇಕಾಗಬಹುದು. ಅವನ ಜಾಗದಲ್ಲಿ ನಿಂತು ನೋಡಿದರೆ ಭಯವಾಗುವುದು ಸಹಜ ಅಲ್ವಾ?

ಇದಕ್ಕೆ ಮದ್ದು ವಿಲ್. "ಈ ಮನೆಯಲ್ಲಿ ನನಗಿರುವ ಭಾಗ ನನ್ನ ಮಗನಿಗೂ ಮಗಳಿಗೂ ಸಮನಾಗಿ ಸೇರಬೇಕು" ಅಂತ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿ. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮಕ್ಕಳಿಗೆ ಧೈರ್ಯ. ಹಿಂದೂಗಳಲ್ಲಿ ಮದುವೆಯಿಂದ ಹಳೆಯ ವಿಲ್ ರದ್ದಾಗುವುದಿಲ್ಲ, ಹಾಗಾಗಿ ಮೊದಲೇ ಬರೆದಿಡಬಹುದು. (ಕ್ರೈಸ್ತರಲ್ಲಿ ರದ್ದಾಗುತ್ತದೆ, ಅವರು ಮದುವೆಯ ನಂತರ ಹೊಸದಾಗಿ ಬರೆಯಬೇಕು.) ಇದನ್ನು ಬಿಟ್ಟು, ಮಗ ಸಮಾಧಾನವಾಗಲಿ ಅಂತ ಹಕ್ಕು ಬಿಡುಗಡೆ ಪತ್ರಕ್ಕೋ ದಾನಪತ್ರಕ್ಕೋ ಮಾತ್ರ ಸಹಿ ಮಾಡಬೇಡಿ. ವಿಲ್ಲನ್ನು ನಾಳೆ ಬದಲಿಸಬಹುದು, ಅವನ್ನು ವಾಪಸ್ ಪಡೆಯುವುದು ಬಹಳ ಕಷ್ಟ. ಈ ಹೊಸ ಬಾಳು ಸರಿಹೋಗದಿದ್ದರೆ ನಿಮಗೆ ವಾಪಸ್ ಬರಲು ಒಂದು ಮನೆ ಬೇಕು.

ನಿಮ್ಮ ವಾಕಿಂಗ್ ಸ್ನೇಹಿತರ ಮಕ್ಕಳಿಗೂ ಇದೇ ಭಯ ಇರುತ್ತದೆ. ಅವರ ಫ್ಲ್ಯಾಟ್‌ನಲ್ಲಿ ನಿಮಗೂ ಅವರ ಇಬ್ಬರು ಮಕ್ಕಳಿಗೂ ಸಮ ಪಾಲು ಬರುತ್ತದೆ, ಅವರು ವಿಲ್ ಮಾಡದಿದ್ದರೆ. ಇಲ್ಲಿ ತುಂಬಾ ಜನ "ಹೆಂಡತಿ ಬದುಕಿರುವವರೆಗೆ ವಾಸಕ್ಕೆ, ಆಮೇಲೆ ಮಕ್ಕಳಿಗೆ" ಅಂತ ಬರೆಸುತ್ತಾರೆ. ಒಳ್ಳೆಯ ಏರ್ಪಾಡು. ಆದರೆ ಆ ಒಂದು ಸಾಲನ್ನು ವಕೀಲರಿಂದಲೇ ಬರೆಸಿ. ಜೀವನಾಂಶದ ಬದಲಿಗೆ ಕೊಟ್ಟದ್ದು ಅಂತಾದರೆ ಅದೇ ಕಾಯ್ದೆಯ 14ನೇ ಸೆಕ್ಷನ್ ಅಡಿ ಅದು ಹೆಂಡತಿಯ ಪೂರ್ತಿ ಹಕ್ಕಾಗಿಬಿಡಬಹುದು, 1977ರಲ್ಲೇ ಸುಪ್ರೀಂ ಕೋರ್ಟ್ ತುಳಸಮ್ಮ ಪ್ರಕರಣದಲ್ಲಿ ಹಾಗೆ ಹೇಳಿದೆ. ಒಂದು ಸಾಲು ಎಡವಟ್ಟಾದರೆ ಮುಂದೆ ಎರಡು ಮನೆಯ ಮಕ್ಕಳು ಕೋರ್ಟಿನಲ್ಲಿ ಎದುರುಬದುರು ನಿಲ್ಲುತ್ತಾರೆ.

ಇನ್ನು ಪಿಂಚಣಿ. ಇದನ್ನು ಮರೆತು ಆಮೇಲೆ ಒದ್ದಾಡುವವರು ಇದ್ದಾರೆ. ಮಕ್ಕಳಿರುವ ವಿಧವೆ ಮತ್ತೆ ಮದುವೆಯಾದರೆ ಮೊದಲ ಗಂಡನಿಂದ ಬರುವ ಕುಟುಂಬ ಪಿಂಚಣಿ ನಿಲ್ಲುತ್ತದೆ. ನಿಮ್ಮದೇ ಸೇವೆಯ ಪಿಂಚಣಿಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಸುಮ್ನೆ ಮುಚ್ಚಿಡೋಣ ಅಂದುಕೊಳ್ಳಬೇಡಿ, ಮರುಮದುವೆಯಾಗಿಲ್ಲ ಅಂತ ಬರೆದುಕೊಟ್ಟು ಸಹಿ ಹಾಕಬೇಕಾಗುತ್ತದೆ, ಸುಳ್ಳು ಅಂತ ಗೊತ್ತಾದರೆ ಅಷ್ಟೂ ಹಣ ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ನಿವೃತ್ತಿಯ ನಂತರ ಮದುವೆಯಾದ ಹೆಂಡತಿಗೆ ತಮ್ಮ ಪಿಂಚಣಿಯಲ್ಲಿ ಹಕ್ಕಿದೆಯೇ ಅಂತ ಅವರು ತಮ್ಮ ಬ್ಯಾಂಕನ್ನು ಬರವಣಿಗೆಯಲ್ಲಿ ಕೇಳಲಿ. ಆ ಉತ್ತರ ಬರುವವರೆಗೆ ದಿನ ಗೊತ್ತುಮಾಡಬೇಡಿ.

ಈ ಲೆಕ್ಕ ನೋಡಿಯೇ ಕೆಲವರು ಮದುವೆಯಾಗದೆ ಜೊತೆಗಿರುತ್ತಾರೆ. ಆದರೆ ಮದುವೆಯ ಕಾಗದ ಇಲ್ಲದಿದ್ದರೆ ಅವರ ಆಸ್ತಿಯಲ್ಲಿ ನಿಮಗೆ ತಾನಾಗಿ ಪಾಲು ಬರುವುದಿಲ್ಲ. ಅವರು ಹೋದ ಮರುದಿನ ಅವರ ಮಕ್ಕಳು ಫ್ಲ್ಯಾಟಿನ ಕೀಲಿ ಕೇಳಬಹುದು. ಆ ದಾರಿ ಹಿಡಿದರೆ ಅವರ ವಿಲ್‌ನಲ್ಲಿ ನಿಮ್ಮ ಹೆಸರು ಇರಲೇಬೇಕು.

ರಿಜಿಸ್ಟರ್ ಮದುವೆಯಾದರೆ ಇನ್ನೊಂದು ಗೊತ್ತಿರಲಿ. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. ಮಗನಿಗೆ ಇಷ್ಟವಿಲ್ಲ ಅನ್ನುವುದು ತಕರಾರಿಗೆ ಕಾರಣವಾಗುವುದಿಲ್ಲ. ಆದರೆ ಆ ನೋಟಿಸ್ ಯಾರದೋ ಕಣ್ಣಿಗೆ ಬಿದ್ದು, ಅದರ ಫೋಟೋ ಸಂಬಂಧಿಕರ ವಾಟ್ಸಾಪ್‌ನಲ್ಲಿ ಓಡಾಡಿ ಮಗನಿಗೆ ತಲುಪಿದರೆ ಎರಡನೇ ಸಲವೂ ಅದೇ ಅವಮಾನ.

ಅದಕ್ಕೇ ಮೊದಲು ನೀವೇ ಬೆಂಗಳೂರಿಗೆ ಹೋಗಿ, ಒಬ್ಬರೇ. "ನಿನಗೆ ನಾನೇ ಮೊದಲು ಹೇಳಬೇಕಿತ್ತು, ತಪ್ಪಾಯಿತು" ಅಂತ ಶುರು ಮಾಡಿ. ಅದು ಹೌದಲ್ಲ. ಅನುಮತಿ ಕೇಳಬೇಡಿ, ಕೇಳಿದರೆ ಇಲ್ಲ ಅನ್ನುವ ಹೊಣೆ ಅವನ ತಲೆಗೆ ಬೀಳುತ್ತದೆ. ವಿಲ್ ವಿಚಾರ ಎರಡನೇ ದಿನ ಹೇಳಿ, ಮೊದಲ ದಿನವೇ ತೆಗೆದರೆ "ಆಸ್ತಿಗಾಗಿ ಸಿಟ್ಟಾದೆ ಅಂತೀಯಾ" ಅಂತ ಇನ್ನೊಂದು ಜಗಳ. ಸೊಸೆ ಕೆಲಸಕ್ಕೆ ಹೋಗುವವಳಾಗಿ, ಪರೀಕ್ಷೆ, ಜ್ವರ ಅಂತ ಮೊಮ್ಮಕ್ಕಳನ್ನು ನೋಡಿಕೊಳ್ಳಲು ನೀವೇ ಹೋಗುತ್ತಿದ್ದರೆ, ಮುಂದೆ ಎಷ್ಟು ದಿನ ಬರಬಲ್ಲೆ ಅನ್ನುವುದನ್ನೂ ತಿಂಗಳ ಲೆಕ್ಕದಲ್ಲಿ ಹೇಳಿ. "ಜನ ಏನಂತಾರೆ" ಅನ್ನುವುದರ ಹಿಂದೆ ಎಷ್ಟೋ ಸಲ ಇರುವುದು ಈ ಚಿಂತೆಯೇ. ಮೊಮ್ಮಕ್ಕಳು ಅವರನ್ನು ತಾತ ಅನ್ನಲೇಬೇಕಿಲ್ಲ, ಅಂಕಲ್ ಅಂದರೂ ಸಾಕು.

"ನಿನ್ನಿಷ್ಟ" ಅಂದ ಮಗಳನ್ನೂ ಬಿಡಬೇಡಿ. ಅದು ಒಪ್ಪಿಗೆಯೋ ಬೇಸರವೋ ದೂರದಿಂದ ಗೊತ್ತಾಗುವುದಿಲ್ಲ. ವಿಲ್‌ನ ಒಂದು ಪ್ರತಿ ಅವಳಿಗೂ ಕಳಿಸಿ.

ಹಾಲ್‌ನಲ್ಲಿರುವ ಯಜಮಾನರ ಫೋಟೋ ಅಲ್ಲೇ ಇರಲಿ. ವರ್ಷದ ತಿಥಿಗೆ ಮಗನ ಮನೆಗೆ ನೀವೊಬ್ಬರೇ ಹೋಗಿ. ವಾಕಿಂಗ್ ಸ್ನೇಹಿತರು ಬೇಸರ ಮಾಡಿಕೊಳ್ಳಲಾರರು, ಅವರ ಮನೆಯಲ್ಲೂ ವರ್ಷಕ್ಕೊಮ್ಮೆ ಅಂಥ ದಿನ ಬರುತ್ತದಲ್ಲ.