ಸೌದಾದ್ ಅಂದರೆ ಬರೀ ನೆನಪೇ?

ಓದುಗರ ಪ್ರಶ್ನೆ: ಪೋರ್ಚುಗೀಸರ 'ಸೌದಾದ್' ಪದವನ್ನು ಬೇರೆ ಭಾಷೆಗೆ ತರಲಿಕ್ಕೇ ಆಗುವುದಿಲ್ಲ ಅನ್ನುತ್ತಾರಲ್ಲ, ನಿಜವಾ? ನಮ್ಮ ನೆನಪು, ವಿರಹ, ಹಂಬಲ ಇವುಗಳಲ್ಲಿ ಯಾವುದೂ ಅದಕ್ಕೆ ಸರಿಹೊಂದುವುದಿಲ್ಲವೇ?

ನಾನು ಲಿಸ್ಬನ್‌ನಲ್ಲಿದ್ದಾಗ ಮಂಗಳೂರಿನ ಗೆಳತಿಯೊಬ್ಬಳು ಇದನ್ನೇ ಕೇಳಿದ್ದಳು. ಅವಳಿಗೆ ಬರೆದ ಕಾಗದವನ್ನೇ ಇಲ್ಲಿ ಕೊಡುತ್ತಿದ್ದೇನೆ.

ಏ ಮಾರಾಯ್ತಿ,

ನಿನ್ನ ಪ್ರಶ್ನೆಗೆ ಮೊದಲು ಒಂದೇ ಸಾಲಿನ ಉತ್ತರ ಬರೆದೆ. "ದೂರವಾದದ್ದರ ಮೇಲಿನ ಹಂಬಲ." ಬರೆದು ಅಳಿಸಿದೆ. ತಪ್ಪೇನಲ್ಲ, ಆದರೆ ಹಾಗೆ ಹೇಳಿದರೆ ಅದು ಕವಿಗೋಷ್ಠಿಗೆ ಮಾತ್ರ ಹೊರಗೆ ತೆಗೆಯುವ ಪದ ಅನ್ನಿಸುತ್ತದೆ. ಇಲ್ಲಿ ನನ್ನ ಕಿವಿಗೆ ಅದು ಬೀಳುವುದು ಮೀನಂಗಡಿಯಲ್ಲಿ, ಟ್ರಾಮಿನಲ್ಲಿ, ಫೋನಿನಲ್ಲಿ. ಮೊಮ್ಮಗನಿಗೆ ಮೆಸೇಜು ಕಳಿಸುವ ಅಜ್ಜಿ ಕೊನೆಗೆ ಬರೀ "ಸೌದಾದಿಶ್" ಎಂದು ಬರೆದು ಮುಗಿಸುತ್ತಾಳೆ. ಅದು ಬಹುವಚನ. ಒಂದಲ್ಲ, ತುಂಬಾ ಇವೆ ಅಂತ.

ಉಚ್ಚಾರದ ಬಗ್ಗೆಯೂ ಕೇಳಿದ್ದೆಯಲ್ಲ. ಲಿಸ್ಬನ್ನಿನವರು ಕೊನೆಯ ಸ್ವರವನ್ನು ನುಂಗಿ 'ಸೌದಾದ್' ಅನ್ನುತ್ತಾರೆ. ಬ್ರೆಜಿಲ್‌ನ ರಿಯೊ ಕಡೆಯವರ ಬಾಯಲ್ಲಿ ಅದು 'ಸೌದಾಜಿ'.

ಈಗ ವಿಷಯಕ್ಕೆ ಬರ್ತೇನೆ. ನನಗೆ ಈ ಪದ ಅರ್ಥವಾಗಿದ್ದು ನಿಘಂಟಿನಿಂದ ಅಲ್ಲ, ಅದರ ಜೊತೆ ಬರುವ ಕ್ರಿಯಾಪದಗಳಿಂದ. ನಾವು "ಊರಿನ ನೆನಪು ಕಾಡುತ್ತದೆ" ಅನ್ನುತ್ತೇವೆ. ಕಾಡುವುದು ನೆನಪು, ಸಿಕ್ಕಿಹಾಕಿಕೊಂಡವರು ನಾವು. ಇವರು "ನನಗೆ ನಿನ್ನ ಸೌದಾದ್ ಇದೆ" ಅನ್ನುತ್ತಾರೆ. ಇಲ್ಲಿ 'ಇದೆ' ಎನ್ನಲು ಬಳಸುವ ಕ್ರಿಯಾಪದ 'ತೇರ್'. ಹಸಿವಿಗೂ ಅದೇ, ಬಾಯಾರಿಕೆಗೂ ಅದೇ. ಇನ್ನೂ ಮಜಾ ಅಂದರೆ, ಉಂಡು ಹಸಿವು ತೀರಿಸಿಕೊಳ್ಳುವುದಕ್ಕೆ ಇವರು 'ಮತಾರ್' ಅನ್ನುತ್ತಾರೆ. ಮತಾರ್ ಅಂದರೆ ಕೊಲ್ಲು. ಹಸಿವನ್ನು ಕೊಲ್ಲುತ್ತಾರೆ, ಬಾಯಾರಿಕೆಯನ್ನು ಕೊಲ್ಲುತ್ತಾರೆ, ಹಾಗೆಯೇ ಸೌದಾದನ್ನೂ ಕೊಲ್ಲುತ್ತಾರೆ. ಕೊಲ್ಲದಿದ್ದರೆ ಅದರಿಂದಲೇ ಸಾಯುತ್ತೇನೆ ಅನ್ನುತ್ತಾರೆ. ಹಸಿವಿನಿಂದ ಸಾಯುತ್ತಿದ್ದೇನೆ ಅಂದ ಹಾಗೇ, ಸೌದಾದಿನಿಂದ ಸಾಯುತ್ತಿದ್ದೇನೆ.

ಅಂದರೆ ಇವರ ವ್ಯಾಕರಣದಲ್ಲಿ ಸೌದಾದಿನ ಜಾಗ ನೆನಪಿನ ಪಕ್ಕದಲ್ಲಿಲ್ಲ, ಹಸಿವಿನ ಪಕ್ಕದಲ್ಲಿದೆ. ನೆನಪು ತಲೆಯಲ್ಲಿರುತ್ತದೆ. ಇದು ಹೊಟ್ಟೆಯಲ್ಲಿ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ದೇಶದ ಉತ್ತರದ ಬೆಟ್ಟದ ಹಳ್ಳಿಯವರು. ಮಗ ಫ್ರಾನ್ಸಿನಲ್ಲಿ. ಆಗಸ್ಟ್ ತಿಂಗಳಲ್ಲಿ ಮಾತ್ರ ಬರುತ್ತಾನೆ. ಇಲ್ಲಿಂದ ಹೋದವರಲ್ಲಿ ಬಹಳ ಜನ ಬರುವುದು ಆ ತಿಂಗಳಲ್ಲೇ. ಅವನು ಬರುವ ದಿನ ಅಜ್ಜಿ 'ಕಾಲ್ದು ವೇರ್ದ್' ಎಂಬ ಸೂಪು ಮಾಡುತ್ತಾರೆ. ಅದಕ್ಕೆ ಬೇಕಾಗುವುದು ಒಂದು ಜಾತಿಯ ಎಲೆಕೋಸು. ನಮ್ಮದರ ಹಾಗೆ ಗಡ್ಡೆ ಕಟ್ಟುವುದಿಲ್ಲ, ಉದ್ದ ಕಾಂಡದ ತುಂಬಾ ಅಗಲ ಎಲೆ ಬಿಡುತ್ತದೆ. ಅಜ್ಜಿ ಆರೆಂಟು ಎಲೆ ಸುರುಳಿ ಸುತ್ತಿ, ನೂಲಿನಷ್ಟು ಸಣ್ಣಗೆ ಹೆಚ್ಚುತ್ತಾರೆ. ಬಟಾಟೆ, ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿ ಮಸೆಯುತ್ತಾರೆ. ಸೊಪ್ಪನ್ನು ಕೊನೆಗೆ ಹಾಕಿ ಒಂದೆರಡು ಕುದಿ ಬಂದ ಕೂಡಲೇ ಇಳಿಸುತ್ತಾರೆ, ಇಲ್ಲದಿದ್ದರೆ ಹಸಿರು ಹೋಗುತ್ತದೆ. ಮೇಲೆ ಆಲಿವ್ ಎಣ್ಣೆ, ಒಂದು ತುಂಡು ಸಾಸೇಜು. ಮಗನ ಮುಂದೆ ಬಟ್ಟಲಿಟ್ಟು ಹೇಳುವುದು ಇಷ್ಟೇ: "ತಗೋ, ಸೌದಾದನ್ನು ಕೊಲ್ಲು."

ಅವನು ಕೊಲ್ಲುವುದು ಸೂಪಿನ ಸೌದಾದನ್ನು. ಅಜ್ಜಿ ಎದುರಿಗೆ ಕುಳಿತು, ಅವನು ಉಣ್ಣುವುದನ್ನು ನೋಡುತ್ತಾ ಕೊಲ್ಲುವುದು ತಮ್ಮದನ್ನು.

ಅವನು ವಾಪಸ್ ಹೊರಡುವ ಹಿಂದಿನ ದಿನ ಅಜ್ಜಿ "ಈಗಲೇ ಸೌದಾದ್ ಶುರುವಾಯಿತು" ಅನ್ನುತ್ತಾರೆ. ಮಗ ಇನ್ನೂ ಸೋಫಾದ ಮೇಲೇ ಕುಳಿತಿರುತ್ತಾನೆ! ನೆನಪಾಗಬೇಕಾದರೆ ಆಗಿಹೋಗಿರಬೇಕು, ಅಲ್ವಾ? ಸೌದಾದಿಗೆ ಅಷ್ಟು ಕಾಯುವ ತಾಳ್ಮೆ ಇಲ್ಲ.

ಅಜ್ಜಿಯ ಮನೆಯ ಗೋಡೆಯಲ್ಲಿ ಒಂದು ಹಳೇ ಫೋಟೊ ಇದೆ. ಗಂಡನದ್ದು. ನಟ್ಟನಡುವೆ ಹರಿದು, ಮತ್ತೆ ಅಂಟಿಸಿದ್ದಾರೆ. 1960ರ ದಶಕದಲ್ಲಿ ಇಲ್ಲಿ ಸಲಜಾರನ ಸರ್ವಾಧಿಕಾರ. ಬಡತನ, ಮೇಲೆ ಆಫ್ರಿಕಾದ ವಸಾಹತುಗಳಲ್ಲಿ ಯುದ್ಧ. ಲಕ್ಷಗಟ್ಟಲೆ ಜನ ಫ್ರಾನ್ಸಿಗೆ ಹೊರಟರು. ತುಂಬಾ ಜನರ ಹತ್ತಿರ ಕಾಗದಪತ್ರ ಇರಲಿಲ್ಲ. ಕಳ್ಳದಾರಿಯಲ್ಲಿ ಸ್ಪೇನ್ ದಾಟಿ, ಪಿರಿನೀಸ್ ಬೆಟ್ಟ ಹತ್ತಿ ಹೋಗುತ್ತಿದ್ದರು. ದಾಟಿಸುವವನಿಗೆ ಹಣ ಕೊಡಬೇಕು. ಆದರೆ ಅವನು ಅರ್ಧ ದಾರಿಯಲ್ಲಿ ಕೈಬಿಟ್ಟು ಓಡಿದರೆ? ಅದಕ್ಕೆ ಈ ಉಪಾಯ: ಫೋಟೊ ಹರಿದು ಅರ್ಧ ಮನೆಯಲ್ಲಿ, ಇನ್ನರ್ಧ ಹೊರಟವನ ಜೇಬಿನಲ್ಲಿ. ಆ ಅರ್ಧ ಮನೆಗೆ ವಾಪಸ್ ಬಂದರೆ ತಲುಪಿದ ಅಂತ ಲೆಕ್ಕ. ಆಮೇಲೆ ಬಾಕಿ ಹಣ.

"ಆಗ ಸೌದಾದ್ ತುಂಬಾ ಇತ್ತಾ?" ಎಂದು ನಾನು ಪೆದ್ದುಪೆದ್ದಾಗಿ ಕೇಳಿದೆ. ಅಜ್ಜಿ ತಲೆ ಅಲ್ಲಾಡಿಸಿದರು. ಫೋಟೊದ ಅರ್ಧ ಬರುವ ತನಕ ಇದ್ದದ್ದು ಬರೀ ಹೆದರಿಕೆಯಂತೆ. ಅದು ಬಂದು, ಎರಡೂ ಅರ್ಧ ಕೂಡಿಸಿ ನೋಡಿ, ಹಣ ಕೊಟ್ಟು, ಬಾಗಿಲು ಹಾಕಿಕೊಂಡರಂತೆ. ಸೌದಾದ್ ಬಂದದ್ದು ಆ ರಾತ್ರಿ.

ಇನ್ನೊಂದು ಉದಾಹರಣೆ, ಇದು ಉಲ್ಟಾ. ಬೀದಿ ಮೂಲೆಯ ಕಾಫಿ ಅಂಗಡಿಗೆ ಬರುವ ಮುದುಕರೊಬ್ಬರು ಅಂಗೋಲಾದ ಯುದ್ಧಕ್ಕೆ ಹೋಗಿದ್ದವರು. 1961ರಲ್ಲಿ ಶುರುವಾಗಿ 1974ರ ತನಕ ಎಳೆದ ಯುದ್ಧ ಅದು. ಟ್ರಕ್ಕಿನ ನಂಬರು, ಮಳೆ ಬಿದ್ದಾಗಿನ ಮಣ್ಣಿನ ವಾಸನೆ, ಡಬ್ಬಿ ಊಟದ ರುಚಿ, ಎಲ್ಲ ಹೇಳುತ್ತಾರೆ. ಹೇಳಿ ಮುಗಿಸಿ "ಒಂದು ಚೂರೂ ಸೌದಾದ್ ಇಲ್ಲ" ಅನ್ನುತ್ತಾರೆ. ನೋಡು, ನೆನಪು ಪೂರ್ತಿ ಇದೆ, ಸೌದಾದ್ ಸೊನ್ನೆ. ಎರಡೂ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಸಿಕ್ಕಿಲ್ಲ. ಆದರೆ ಅವರ ದಳದವರು ವರ್ಷಕ್ಕೊಮ್ಮೆ ಒಟ್ಟಿಗೆ ಊಟಕ್ಕೆ ಸೇರುತ್ತಾರೆ. ಅದನ್ನು ಮಾತ್ರ ಇವರು ತಪ್ಪಿಸುವುದಿಲ್ಲ. ಯುದ್ಧದ ಸೌದಾದ್ ಇಲ್ಲ, ಜೊತೆಯವರದ್ದು ಇದೆ. ಒಂದೇ ಕಾಲ, ಒಂದೇ ಜಾಗ. ಅದರಲ್ಲಿ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುತ್ತದೆ ಈ ಪದ. ಬೇಡದ ಮಂತ್ರಿ ಕುರ್ಚಿ ಬಿಟ್ಟಾಗಲೂ "ಸೌದಾದ್ ಬಿಟ್ಟು ಹೋಗಲಿಲ್ಲ" ಅನ್ನುವುದುಂಟು. ತೊಲಗಿದರೆ ಸಾಕಿತ್ತು ಅನ್ನುವುದರ ಸಭ್ಯ ರೂಪ.

ಈಗ ಆ "ಅನುವಾದವೇ ಆಗದ ಪದ" ಎಂಬ ಮಾತು. ಇದನ್ನು ಮೊದಲು ಹೇಳಿದವರಲ್ಲಿ ಒಬ್ಬ ರಾಜನೇ ಇದ್ದಾನೆ. ದೊಂ ದುವಾರ್ತ್ ಎಂಬ ದೊರೆ, 1438ರ ಹೊತ್ತಿಗೆ ಬರೆದ ಪುಸ್ತಕದಲ್ಲಿ ದುಃಖ, ಬೇಸರ, ಜಿಗುಪ್ಸೆ ಇವನ್ನೆಲ್ಲ ಬೇರೆಬೇರೆ ಮಾಡಿ, ಸೌದಾದಿಗೆ ಲ್ಯಾಟಿನ್ನಿನಲ್ಲೂ ಬೇರೆ ಭಾಷೆಯಲ್ಲೂ ಸಾಟಿ ಇಲ್ಲ ಅಂದ. ನನಗೇನೋ ಅದು ಸ್ವಲ್ಪ ಜಂಬ ಅನ್ನಿಸುತ್ತದೆ. ಪದ ಹುಟ್ಟಿದ್ದೇ ಲ್ಯಾಟಿನ್ನಿನ 'ಒಂಟಿತನ' ಎಂಬ ಪದದಿಂದ. ಪಕ್ಕದ ಸ್ಪೇನಿನ ಗಲೀಸಿಯಾದವರಿಗೂ ಸೌದಾದ್ ಇದೆ. ಆದರೆ ರಾಜ ಒಂದು ಒಳ್ಳೆ ಮಾತು ಗಮನಿಸಿದ್ದ: ಇದು ಕೆಲವೊಮ್ಮೆ ದುಃಖದ ಜೊತೆ ಬರುತ್ತದೆ, ಕೆಲವೊಮ್ಮೆ ಸುಖದ ಜೊತೆ. ನನ್ನ ಹಸಿವಿನ ಹೋಲಿಕೆ ಸೋಲುವುದು ಇಲ್ಲೇ. ಹಸಿವನ್ನು ಯಾರೂ ಸವಿಯುವುದಿಲ್ಲ. ಸೌದಾದನ್ನು ಸವಿಯುತ್ತಾರೆ. ಫಾದು ಎಂಬ ಇಲ್ಲಿನ ವಿಷಾದದ ಹಾಡು ಹಾಡುವ ಮನೆಗಳಲ್ಲಿ ದೀಪ ಸಣ್ಣದು ಮಾಡಿ, ದುಡ್ಡು ಕೊಟ್ಟು ಕುಳಿತು ಕೇಳುತ್ತಾರೆ.

ಹಡಗು ಹತ್ತಿ ಹೋದ ನಾವಿಕರ ಹೆಂಡಂದಿರಿಂದ ಈ ಪದ ಬಂತು ಎಂಬ ಕಥೆಯನ್ನೂ ನೀನು ಓದಿರಬಹುದು. ಕಥೆ ಚೆನ್ನಾಗಿದೆ, ಕಾಲ ಹೊಂದುವುದಿಲ್ಲ. ಪೋರ್ಚುಗೀಸರು ಸಮುದ್ರ ದಾಟಿ ಉತ್ತರ ಆಫ್ರಿಕಾದ ಸೆವುತಾ ಪಟ್ಟಣ ಹಿಡಿದದ್ದು 1415ರಲ್ಲಿ. 1325ರಲ್ಲಿ ತೀರಿಕೊಂಡ ದಿನೀಶ್ ಎಂಬ ರಾಜಕವಿಯ ಪ್ರೇಮದ ಹಾಡಿನಲ್ಲೇ 'ಸೊಯಿದಾದ್' ಇದೆ. ಪದ ಮೊದಲೇ ಇತ್ತು, ಹಡಗುಗಳು ಅದಕ್ಕೆ ಕೆಲಸ ಜಾಸ್ತಿ ಮಾಡಿದವು ಅಷ್ಟೆ. ಅವುಗಳ ಜೊತೆ ಅದು ಕೇಪ್ ವರ್ಡ್ ದ್ವೀಪಗಳಿಗೆ ಹೋಗಿ 'ಸೊದಾದ್' ಆಯಿತು. ಬ್ರೆಜಿಲ್‌ನಲ್ಲಿ ಜನವರಿ 30 ಅಂದರೆ ಸೌದಾದ್ ದಿನ.

ನಮ್ಮ ಕರಾವಳಿಗೂ ಆ ಹಡಗುಗಳು ಬಂದವಲ್ಲ. ಜನೇಲು ಕೊಟ್ಟವು, ಚಾವಿ ಕೊಟ್ಟವು, ಬಟಾಟೆ, ಅನಾನಸು, ಪಾದ್ರಿ ಕೊಟ್ಟವು. ಸೌದಾದನ್ನು ಮಾತ್ರ ಕನ್ನಡಕ್ಕೆ ಇಳಿಸಲಿಲ್ಲ. ಅದಕ್ಕೇ ನಾವು ಸಂದರ್ಭ ನೋಡಿ ಬೇರೆ ಬೇರೆ ಮಾತು ಹುಡುಕಬೇಕು. 'ವಿರಹ' ಪ್ರೇಮಿಗಳಿಗೇ ಮೀಸಲು, ಸೂಪಿಗೆ ಯಾರೂ ವಿರಹ ಪಡುವುದಿಲ್ಲ. 'ಹಂಬಲ' ಇನ್ನೂ ಸಿಗದ ಕೆಲಸಕ್ಕೂ ಆಗುತ್ತದೆ. "ಊರಿಗೆ ಜೀವ ಎಳೆಯುತ್ತಿದೆ" ಅನ್ನುತ್ತೇವಲ್ಲ, ನನಗೆ ಅದೇ ಹತ್ತಿರ ಅನ್ನಿಸುತ್ತದೆ. ಅದರಲ್ಲಿ ದೂರವೂ ಇದೆ, ಮೈಯೂ ಇದೆ. ಕೊರತೆ ಏನೆಂದರೆ ಅದು ಪೂರ್ತಿ ವಾಕ್ಯ. ಮೆಸೇಜಿನ ಕೊನೆಗೆ ಒಂದೇ ಪದವಾಗಿ ಹಾಕಲು ಬರುವುದಿಲ್ಲ.

ಅಜ್ಜಿಯ ಗಂಡ ಫ್ರಾನ್ಸಿನಿಂದ ವಾಪಸ್ ಬಂದು, ಬಹಳ ವರ್ಷ ಜೊತೆಗಿದ್ದು ತೀರಿಕೊಂಡರು. ಸಮಾಧಿಗೆ ಇಡುವ ಹೂವಿನ ರಿಬ್ಬನ್ನಿನ ಮೇಲೆ ಇಲ್ಲಿ "ಎಂದೆಂದಿಗೂ ಸೌದಾದ್" ಎಂದು ಬರೆಸುವ ರೂಢಿ ಇದೆ. ಗಂಡನ ಮಾತು ಬಂದಾಗ ಅಜ್ಜಿ 'ಸೌದಾದಿಶ್' ಅನ್ನುತ್ತಾರೆ. 'ಕೊಲ್ಲು' ಎಂಬ ಪದ ಆಗ ಅವರ ಬಾಯಿಗೆ ಬರುವುದಿಲ್ಲ.

ಹೋದ ವಾರ ಅವರು ನನ್ನನ್ನೇ ಕೇಳಿದರು, ನಿನಗೆ ಯಾವುದರ ಸೌದಾದ್ ಅಂತ. ಅಮ್ಮ, ಅಪ್ಪ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಹಾಗಾದರೆ ಮಾಡು ಅಂದರು. ಇಲ್ಲಿ ಸಿಗುವ ಕರೊಲೀನು ಅಕ್ಕಿಯಲ್ಲಿ ಮಾಡಿದೆ. ಬಿಳಿ ಅಕ್ಕಿ, ಬೇಯುತ್ತಿದ್ದ ಹಾಗೆ ಅಂಟಂಟಾಗಿ ಗೋಡೆಗೆ ಪೋಸ್ಟರ್ ಹಚ್ಚುವ ಹಾಗಾಯಿತು. ಅಜ್ಜಿ ಎರಡು ಚಮಚ ತಿಂದು, ನನ್ನ ಮುಖ ನೋಡಿ, "ಇದು ಸಾಯಲಿಲ್ಲ, ಬರೀ ಗಾಯ ಆಯಿತು" ಅಂದರು.

ಡಿಸೆಂಬರಿಗೆ ಬರುತ್ತೇನೆ ಅಂದಿದ್ದೆಯಲ್ಲ. ಬೇರೇನೂ ತರಬೇಡ, ಎರಡು ಕೆಜಿ ಕುಚ್ಚಲಕ್ಕಿ ಹಿಡಿದುಕೊಂಡು ಬಾ.